ಪ್ರಿಂಟರ್ ಕ್ಯಾರೇಜ್ ಅರ್ಧದಲ್ಲೇ ನಿಂತಿದೆಯೇ? ಕಾರ್ಟ್ರಿಜ್ ಬಿಡಿಸುವ ಕ್ರಮ ಹೀಗಿದೆ

ಇಂಕ್‌ಜೆಟ್ ಪ್ರಿಂಟರ್‌ನ ಬಾಗಿಲು ತೆರೆದರೆ, ಕಾರ್ಟ್ರಿಜ್ ಹೊತ್ತ ಕ್ಯಾರೇಜ್ ತಾನಾಗಿಯೇ ಸರಿದು ಕೈಗೆ ಸಿಗುವ ಜಾಗದಲ್ಲಿ ನಿಲ್ಲಬೇಕು. ಕೆಲವೊಮ್ಮೆ ಅದು ದಾರಿಯಲ್ಲೇ ನಿಂತುಬಿಡುತ್ತದೆ. ಕಾರ್ಟ್ರಿಜ್ ಅರ್ಧ ಕಾಣುತ್ತದೆ, ಇನ್ನರ್ಧ ಪ್ಲಾಸ್ಟಿಕ್ ಹೊದಿಕೆಯ ಅಡಿ ಇರುತ್ತದೆ. ಆಗ ಸ್ಕ್ರೂಡ್ರೈವರ್ ತೂರಿಸಿ ಮೀಟಿದವರನ್ನು ಬಹಳ ಜನ ನೋಡಿದ್ದೇನೆ. ಕಾರ್ಟ್ರಿಜ್ ಹೊರಗೆ ಬರುತ್ತದೆ ನಿಜ, ಆದರೆ ಅದನ್ನು ಹಿಡಿದಿಡುವ ಕೊಂಡಿ ಮುರಿದಿರುತ್ತದೆ. ಆಮೇಲೆ ಹೊಸ ಕಾರ್ಟ್ರಿಜ್ ತಂದರೂ ಅದು ಗಟ್ಟಿಯಾಗಿ ಕೂರುವುದಿಲ್ಲ. ಹಾಗಾಗಿ ಮೊದಲು ಕ್ಯಾರೇಜನ್ನು ಸರಿಯಾದ ಜಾಗಕ್ಕೆ ತನ್ನಿ. ಕಾರ್ಟ್ರಿಜ್‌ಗೆ ಕೈ ಹಾಕುವುದು ಆಮೇಲೆ.

ಇಲ್ಲಿ ಹೇಳುತ್ತಿರುವುದು ಮನೆಗಳಲ್ಲಿ ಜಾಸ್ತಿ ಕಾಣುವ ಸಣ್ಣ ಪ್ರಿಂಟರ್‌ಗಳ ಬಗ್ಗೆ. ಕಪ್ಪಿಗೆ ಒಂದು, ಬಣ್ಣಕ್ಕೆ ಒಂದು, ಹೀಗೆ ಎರಡು ಕಾರ್ಟ್ರಿಜ್ ಇರುವಂಥವು. ಗ್ಯಾರಂಟಿ ಅವಧಿ ಮುಗಿದಿಲ್ಲವಾದರೆ ಒಂದೇ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಕೆಳಗಿನ ಯಾವ ಕೆಲಸಕ್ಕೂ ಸ್ಕ್ರೂ ಬಿಚ್ಚುವ ಅಗತ್ಯವಿಲ್ಲ.

1. ಬಾಗಿಲು ಮುಚ್ಚಿ, ಮತ್ತೆ ತೆರೆಯಿರಿ. ಕೆಲವು ಕ್ಯಾನನ್ ಪ್ರಿಂಟರ್‌ಗಳಲ್ಲಿ ಬಾಗಿಲನ್ನು 10 ನಿಮಿಷಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಕ್ಯಾರೇಜ್ ತಾನೇ ಬಲಕ್ಕೆ ಸರಿದುಕೊಳ್ಳುತ್ತದೆ. ಅದು ಕೆಟ್ಟಿರುವುದಲ್ಲ. ಮುಚ್ಚಿ ತೆರೆದರೆ ವಾಪಸ್ ಬರುತ್ತದೆ.

2. ಎಲ್ಲಿ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ ಎಂದು ಗಮನಿಸಿ. ಎರಡು ಮೂರು ಸಲ ಬಾಗಿಲು ತೆರೆದು ನೋಡಿದರೆ ಸಾಕು. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ಅಲ್ಲೇನೋ ಅಡ್ಡ ಇದೆ. ಕಾಗದದ ಚೂರು ಇರಬಹುದು, ಪೂರ್ತಿ ಕೂರದೆ ಎದ್ದುನಿಂತ ಕಾರ್ಟ್ರಿಜ್ ಇರಬಹುದು. ಕ್ಯಾರೇಜ್ ವೇಗವಾಗಿ ಹೋಗಿ ಪಕ್ಕದ ಗೋಡೆಗೆ ಢಣ್ ಎಂದು ಬಡಿದು ನಿಂತರೆ ಅಥವಾ ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ, ಕ್ಯಾರೇಜ್‌ಗೆ ತಾನೆಲ್ಲಿದ್ದೇನೆ ಎಂದು ತಿಳಿಸುವ, ಅದರ ಹಿಂದಿನ ಎನ್‌ಕೋಡರ್ ಪಟ್ಟಿಯ ಮೇಲೆ ಅನುಮಾನ ಪಡಿ. ಬಲತುದಿಯಿಂದ ಅಲುಗಾಡದೆ ಬರೀ ಗರಗರ ಸದ್ದು ಬಂದರೆ, ಕ್ಯಾರೇಜ್ ತನ್ನ ಬೀಗದಿಂದ ಬಿಡಿಸಿಕೊಂಡಿಲ್ಲ ಎಂದರ್ಥ.

3. ಕ್ಯಾರೇಜನ್ನು ಬಿಡಿಸಿ, ಕೈಯಿಂದ ಸರಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಪವರ್ ಬಟನ್ ಒತ್ತಿ ಪ್ರಿಂಟರ್ ಆಫ್ ಮಾಡುತ್ತಾರೆ. ಬಟನ್ ಒತ್ತಿದರೆ ಪ್ರಿಂಟರ್ ಮೊದಲು ಕ್ಯಾರೇಜನ್ನು ಬಲತುದಿಯ ಗೂಡಿಗೆ ಕಳಿಸುತ್ತದೆ. ಶಾಯಿ ಒಣಗದಂತೆ ಕೆಳಗಿನಿಂದ ರಬ್ಬರ್ ಮುಚ್ಚಳ ಏರುತ್ತದೆ, ಕ್ಯಾರೇಜ್‌ಗೆ ಬೀಗ ಬೀಳುತ್ತದೆ, ಆಮೇಲೆ ಪ್ರಿಂಟರ್ ಆರುತ್ತದೆ. ಬೀಗ ಬಿದ್ದ ಕ್ಯಾರೇಜನ್ನು ಬಲವಾಗಿ ಎಳೆದರೆ ಬೀಗವೋ ಗೇರಿನ ಹಲ್ಲೋ ಮುರಿಯುತ್ತದೆ.

ಆದ್ದರಿಂದ ಪ್ರಿಂಟರ್ ಆನ್ ಇರುವಾಗಲೇ ಬಾಗಿಲು ತೆರೆಯಿರಿ. ಕ್ಯಾರೇಜ್ ಬಲತುದಿಯಿಂದ ಸ್ವಲ್ಪ ಹೊರಬಂದು ನಿಂತ ಮೇಲೆ, ಬಟನ್ ಮುಟ್ಟದೆ, ಗೋಡೆಯ ಸಾಕೆಟ್‌ನ ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡಿ. ಪ್ರಿಂಟರ್ ಹಿಂದಿನ ವೈರನ್ನೂ ತೆಗೆಯಿರಿ. ಒಂದು ನಿಮಿಷ ಕಾಯಿರಿ. ಈಗ ಮೋಟಾರ್‌ನಲ್ಲಿ ಕರೆಂಟ್ ಇಲ್ಲ, ಬೀಗವೂ ಬಿದ್ದಿಲ್ಲ. ಕ್ಯಾರೇಜ್ ಕೈಗೆ ಸಡಿಲವಾಗಿ ಸಿಗುತ್ತದೆ.

ಹಿಡಿಯುವ ಜಾಗವೂ ಮುಖ್ಯ. ಕಾರ್ಟ್ರಿಜ್ ಹಿಡಿದು ಎಳೆಯಬೇಡಿ, ಹಿಂದಿನ ಬೆಲ್ಟ್ ಹಿಡಿದಂತೂ ಬೇಡವೇ ಬೇಡ. ಕ್ಯಾರೇಜ್‌ನ ಪಕ್ಕದ ಗೋಡೆಗೆ, ಕೆಳಭಾಗದಲ್ಲಿ, ಎರಡು ಬೆರಳು ಇಟ್ಟು ನಿಧಾನವಾಗಿ ತಳ್ಳಿ. ಬಾಗಿಲ ಚೌಕಟ್ಟಿನ ಮಧ್ಯಕ್ಕೆ ಬಂದರೆ ಸಾಕು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಾಕಿ ಕೆಳಗೆ ನೋಡಿ. ಕಾಗದ ಸಿಕ್ಕಿದ್ದರೆ ಹಿಂದಿನ ಮುಚ್ಚಳ ತೆಗೆದು, ಎರಡೂ ಕೈಯಿಂದ, ಹರಿಯದಂತೆ ಎಳೆಯಿರಿ. ಚೂರು ಒಳಗೇ ಉಳಿದರೆ ಕ್ಯಾರೇಜ್ ಮತ್ತೆ ಅಲ್ಲೇ ನಿಲ್ಲುತ್ತದೆ.

ಕಾಗದ ಕಾಣುತ್ತಿಲ್ಲವೇ? ಹಾಗಿದ್ದರೆ ಕಾರ್ಟ್ರಿಜ್ ಮೇಲೆ ನೋಡಿ. ಪಕ್ಕದ ಮನೆಯ ಪ್ರಿಂಟರ್‌ನಲ್ಲಿ ಆಗಿದ್ದು ಇದೇ. ಕಪ್ಪು ಕಾರ್ಟ್ರಿಜ್‌ಗೆ ಸಿರಿಂಜ್‌ನಿಂದ ಇಂಕ್ ತುಂಬಿಸಿ, ತೂತಿನ ಮೇಲೆ ಸೆಲ್ಲೋ ಟೇಪ್ ಅಂಟಿಸಿದ್ದರು. ಇಂಕ್ ಜಾಸ್ತಿಯಾಗಿ ಉಕ್ಕಿ ಟೇಪಿನ ಅಂಟು ಬಿಟ್ಟಿತ್ತು. ಟೇಪಿನ ತುದಿ ಸುರುಳಿಯಾಗಿ ಎದ್ದು ಮೇಲಿನ ಹೊದಿಕೆಯ ಅಂಚಿಗೆ ಸಿಕ್ಕಿಕೊಂಡಿತ್ತು. ಕ್ಯಾರೇಜ್ ಪ್ರತಿ ಸಲವೂ ಮಧ್ಯಕ್ಕೆ ಮೂರು ಬೆರಳು ಮೊದಲೇ ನಿಲ್ಲುತ್ತಿತ್ತು. ಟ್ವೀಜರ್‌ನಿಂದ ಟೇಪ್ ಎಳೆದು ತೆಗೆದ ಕೂಡಲೇ ಕ್ಯಾರೇಜ್ ಸರಾಗವಾಗಿ ಸರಿಯಿತು. ಇಂಕ್ ತುಂಬಿಸುವವರಿಗೆ ನನ್ನ ಮಾತು ಒಂದೇ: ಸೆಲ್ಲೋ ಟೇಪ್ ಬೇಡ, ಕಾರ್ಟ್ರಿಜ್‌ನ ಮೂಲ ಲೇಬಲನ್ನೇ ಹುಷಾರಾಗಿ ಎಬ್ಬಿಸಿ ಮತ್ತೆ ಅಂಟಿಸಿ.

ಟೇಪ್ ಅಲ್ಲ, ಕಾರ್ಟ್ರಿಜ್ಜೇ ಎದ್ದುನಿಂತಿದ್ದರೆ, ಸಂದಿಯಲ್ಲಿ ಹಳೆಯ ಎಟಿಎಂ ಕಾರ್ಡ್ ತೂರಿಸಿ ಅದನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಅದು ತಗ್ಗಿದರೆ ಕ್ಯಾರೇಜ್ ಚಲಿಸುತ್ತದೆ.

4. ಕಾರ್ಟ್ರಿಜ್ ತೆಗೆಯಿರಿ. ಎಚ್‌ಪಿಯ ಸಣ್ಣ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ಮುಂಭಾಗವನ್ನು ಕೆಳಕ್ಕೆ ಒತ್ತಿ, ಕೊಂಡಿ ಬಿಟ್ಟಾಗ ನಿಮ್ಮ ಕಡೆ ಎಳೆಯಬೇಕು. ಮೇಲಕ್ಕೆ ಎಳೆಯುವುದೇ ದೊಡ್ಡ ತಪ್ಪು. ಬೇರೆ ಕಂಪನಿಯದಾದರೆ ಲಿವರ್ ಎಲ್ಲಿದೆ ನೋಡಿಕೊಳ್ಳಿ. ಒಣಗಿದ ಇಂಕ್ ಗೋಂದಿನಂತೆ ಹಿಡಿದಿದ್ದರೆ, ಇಯರ್ ಬಡ್ ಅನ್ನು ಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿ, ಕಾರ್ಟ್ರಿಜ್‌ನ ಪಕ್ಕದ ಸಂದಿಗೆ ತಾಗಿಸಿ. ನೀರು ಸುರಿಯಬೇಡಿ. ಹತ್ತು ನಿಮಿಷ ಬಿಟ್ಟು, ಮೇಲೆ ಕೆಳಗೆ ಸ್ವಲ್ಪ ಸ್ವಲ್ಪ ಅಲುಗಾಡಿಸಿ. ಅಡ್ಡಡ್ಡಲಾಗಿ ಅಲುಗಾಡಿಸಿದರೆ ಹಿಂದಿರುವ ಸೂಕ್ಷ್ಮ ಕನೆಕ್ಷನ್ ಪಿನ್‌ಗಳು ಬಾಗುತ್ತವೆ.

ತೆಗೆದ ಕಾರ್ಟ್ರಿಜ್‌ನ ತಾಮ್ರದ ಭಾಗವನ್ನಾಗಲಿ, ಇಂಕ್ ಬರುವ ತಳವನ್ನಾಗಲಿ ಮುಟ್ಟಬೇಡಿ. ತಳ ಕಾಗದಕ್ಕೆ ತಾಗದಂತೆ ಪಕ್ಕಕ್ಕೆ ಮಲಗಿಸಿ. ಕಾಗದ ಇಂಕ್ ಹೀರಿಬಿಡುತ್ತದೆ. ಅರ್ಧ ಗಂಟೆಯೊಳಗೆ ವಾಪಸ್ ಹಾಕುವ ಹಾಗೆ ಕೆಲಸ ಮುಗಿಸಿ.

5. ಎನ್‌ಕೋಡರ್ ಪಟ್ಟಿ ಒರೆಸಿ. ಕ್ಯಾರೇಜ್‌ನ ಹಿಂದೆ, ಎಡದಿಂದ ಬಲಕ್ಕೆ ಬಿಗಿದಿರುವ ತೆಳ್ಳನೆಯ ಪಾರದರ್ಶಕ ಪಟ್ಟಿ ಇರುತ್ತದೆ. ಅದರ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಗೆರೆಗಳಿವೆ. ಕ್ಯಾರೇಜ್‌ನ ಸೆನ್ಸರ್ ಆ ಗೆರೆಗಳನ್ನು ಎಣಿಸಿಯೇ ತಾನು ಎಲ್ಲಿದ್ದೇನೆ ಎಂದು ತಿಳಿಯುತ್ತದೆ. ಇಂಕಿನ ತುಂತುರೋ ಗ್ರೀಸೋ ಮೆತ್ತಿದರೆ ಲೆಕ್ಕ ತಪ್ಪುತ್ತದೆ, ಕ್ಯಾರೇಜ್ ತಪ್ಪು ಜಾಗದಲ್ಲಿ ನಿಲ್ಲುತ್ತದೆ. ನೂಲು ಬಿಡದ ಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಸ್ವಲ್ಪ ಒದ್ದೆ ಮಾಡಿ, ಎರಡು ಬೆರಳ ನಡುವೆ ಪಟ್ಟಿ ಹಿಡಿದು, ಉದ್ದಕ್ಕೂ ಹಗುರವಾಗಿ ಒರೆಸಿ. ಕ್ಯಾರೇಜನ್ನು ಪಕ್ಕಕ್ಕೆ ಸರಿಸಿ ಉಳಿದ ಭಾಗವನ್ನೂ ಒರೆಸಿ. ಸ್ಯಾನಿಟೈಸರ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಬಳಸಬೇಡಿ, ಗೆರೆಗಳೇ ಅಳಿಸಿಹೋಗಬಹುದು. ಪಟ್ಟಿ ಕೊಕ್ಕೆಯಿಂದ ಕಳಚಿದ್ದರೆ ಅಥವಾ ಸೆನ್ಸರ್‌ನ ಸೀಳಿನಿಂದ ಹೊರಬಂದಿದ್ದರೆ, ಮತ್ತೆ ಸೀಳಿನೊಳಗೆ ತೂರಿಸಿ ಕೊಕ್ಕೆಗೆ ಹಾಕಿ.

ಕ್ಯಾರೇಜ್ ಸರಿಯುವ ಕಂಬಿಗೆ ಕೊಬ್ಬರಿ ಎಣ್ಣೆಯಾಗಲಿ, ತುಕ್ಕು ಬಿಡಿಸುವ ಸ್ಪ್ರೇಯಾಗಲಿ ಹಾಕಬೇಡಿ. ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ಸ್ಪ್ರೇ ಹಾರಿ ಪಟ್ಟಿಯ ಮೇಲೇ ಕೂರುತ್ತದೆ.

6. ಜೋಡಿಸಿ. ಕಾರ್ಟ್ರಿಜ್ ಹಾಕಿ ಟಕ್ ಎನ್ನುವವರೆಗೆ ಒತ್ತಿ. ಪ್ಲಗ್ ಹಾಕುವ ಮೊದಲು ಕ್ಯಾರೇಜನ್ನು ಒಂದು ಸಲ ಕೈಯಿಂದ ಎರಡೂ ಕಡೆ ಸರಿಸಿ ನೋಡಿ. ಬಲತುದಿಗೆ ಹತ್ತಿರವಾದಾಗ ಬಿಗಿ ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ಪ್ರಿಂಟರ್ ತಾನೇ ಮಾಡಿಕೊಳ್ಳುತ್ತದೆ. ಬಾಗಿಲು ಮುಚ್ಚಿ, ನೇರವಾಗಿ ಗೋಡೆಯ ಸಾಕೆಟ್‌ಗೇ ಪ್ಲಗ್ ಹಾಕಿ ಆನ್ ಮಾಡಿ. ಆಗಲೂ ಕ್ಯಾರೇಜ್ ಹಳೆಯ ಜಾಗದಲ್ಲೇ ನಿಂತು ಗರಗರ ಎಂದರೆ ತಕ್ಷಣ ಪ್ಲಗ್ ತೆಗೆಯಿರಿ. ಬೆಲ್ಟಿನ ಹಲ್ಲೋ ಗೇರೋ ಸವೆದಿರಬಹುದು, ಅದು ರಿಪೇರಿಯವರ ಕೆಲಸ. ಪ್ರಿಂಟರ್ ಕೊಡುವ ಮೊದಲು ಖರ್ಚೆಷ್ಟು ಎಂದು ಕೇಳಿಕೊಳ್ಳಿ.