ತಮ್ಮನ ಮೊಬೈಲಿನಲ್ಲಿ ಜೂಜಿನ ದಾರಿ ಮುಚ್ಚಿದ ಬಗೆ

ಬದಿಯಡ್ಕದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ತಮ್ಮ ಆನ್‌ಲೈನ್ ಜೂಜಿಗೆ ಬಿದ್ದು ಸುಮಾರು ಎರಡೂವರೆ ಲಕ್ಷ ಕಳೆದುಕೊಂಡ. ಅದರಲ್ಲಿ ಅರ್ಧ ಅಡಿಕೆ ಮಾರಿದ ಹಣ. "ಅಣ್ಣಾ, ನೀನೇ ಏನಾದರೂ ಮಾಡು" ಎಂದು ಅವನೇ ಫೋನ್ ತಂದುಕೊಟ್ಟ. ಆ್ಯಪ್ ಹಾಕಿದರೆ ಜೂಜು ನಿಲ್ಲುವುದಿಲ್ಲ ಎಂದು ನಮ್ಮ ಕಸುಬಿನವರೇ ತಲೆಯಾಡಿಸಿದರು. ಈಗ ಏಳೆಂಟು ತಿಂಗಳಿಂದ ಅವನ ಖಾತೆಯಿಂದ ಒಂದು ರೂಪಾಯಿಯೂ ಅತ್ತ ಹೋಗಿಲ್ಲ.

ಮೊದಲು ಜೂಜಿನ ತಾಣಗಳನ್ನು ಪಟ್ಟಿ ನೋಡಿ ತಡೆಯುವ ಬೆಟ್‌ಬ್ಲಾಕರ್ ಆ್ಯಪ್ ಹಾಕಿದೆ. ಉಚಿತ, ಒಳ್ಳೆಯದೇ. ಆದರೆ ಜೂಜಿನವರು ಟೆಲಿಗ್ರಾಂನಲ್ಲಿ ದಿನಕ್ಕೊಂದು ಹೊಸ ವಿಳಾಸ ಕಳುಹಿಸುತ್ತಿದ್ದರು. ಪಟ್ಟಿಗೆ ಸೇರದ ವಿಳಾಸ ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ಮತ್ತೆ ಬೇಡದ ತಾಣಗಳನ್ನು ಫೋನ್ ಹುಡುಕುವಾಗಲೇ ತಡೆಯುವ ನೆಕ್ಸ್ಟ್‌ಡಿಎನ್ಎಸ್ ಸೇವೆಯಲ್ಲಿ ಖಾತೆ ತೆರೆದು, ಅದರ ವಿಳಾಸವನ್ನು ಆಂಡ್ರಾಯ್ಡಿನ `Private DNS`ನಲ್ಲಿ ತುಂಬಿದೆ. ಅಲ್ಲಿ ಜೂಜಿನ ವಿಭಾಗವನ್ನು ಮುಚ್ಚಿದ್ದಲ್ಲದೆ, ನೋಂದಣಿಯಾಗಿ ಮೂವತ್ತು ದಿನ ಕಳೆಯದ ತಾಣಗಳನ್ನು ತಡೆಯುವ ಗುಂಡಿಯನ್ನೂ ಒತ್ತಿದೆ. ಹೊಸ ವಿಳಾಸಗಳ ಹಾವಳಿ ಬಹುಪಾಲು ಅಡಗಿದ್ದು ಆಗ. ಆ ಸೆಟ್ಟಿಂಗನ್ನು ಅವನು ಬದಲಾಯಿಸದಂತೆ ಬೀಗ ಹಾಕಿದ್ದು ಹೇಗೆಂದು ಬರೆಯುವುದಿಲ್ಲ. ಇದನ್ನು ಆಡುವವರೂ ಓದುತ್ತಾರೆ.

ಹಣದ ದಾರಿಯೇ ಕಷ್ಟದ್ದು. ಜೂಜಿನ ವ್ಯಾಪಾರಿಗಳಿಗೆ ಹೋಗುವ ಪಾವತಿ ತಡೆಯಿರಿ ಎಂದು ಬ್ಯಾಂಕಿಗೆ ಅರ್ಜಿ ಕೊಟ್ಟೆವು. ವ್ಯಾಪಾರದ ಬಗೆಯನ್ನು ಬ್ಯಾಂಕಿಗೆ ತಿಳಿಸುವ ಸಂಕೇತಗಳಲ್ಲಿ ಜೂಜಿಗೆ 7995 ಇದೆ ನಿಜ. ಆದರೆ ತಮ್ಮನ ಸ್ಟೇಟ್‌ಮೆಂಟ್ ಬಿಡಿಸಿ ನೋಡಿದರೆ ಐನೂರು, ಸಾವಿರ, ಎರಡು ಸಾವಿರ, ಪ್ರತಿ ಸಲವೂ ಬೇರೆ ಬೇರೆ ವ್ಯಕ್ತಿಯ ಹೆಸರಿಗೆ. ಬಾಡಿಗೆ ಖಾತೆಗಳು! ನೆಂಟರಿಗೆ ಕಳುಹಿಸಿದ ಹಣಕ್ಕೂ ಇದಕ್ಕೂ ಬ್ಯಾಂಕಿನ ಕಣ್ಣಿಗೆ ವ್ಯತ್ಯಾಸವಿಲ್ಲ.

ಯುಪಿಐ ಅಳಿಸಿದೆ. ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆಯನ್ನೂ ನಿಲ್ಲಿಸಿದೆ. ವಾರದೊಳಗೆ ಅವನು ಆಧಾರ್ ಓಟಿಪಿಯಿಂದ ಹೊಸ ಪಿನ್ ಮಾಡಿಕೊಂಡು ನಾಲ್ಕೈದು ಸಾವಿರ ಕಳೆದ. ಆಗ ಹೊಳೆಯಿತು: ಯುಪಿಐ ನೋಂದಣಿಗೆ ಬ್ಯಾಂಕಿನಲ್ಲಿರುವ ಸಂಖ್ಯೆಯ ಸಿಮ್ಮಿನಿಂದಲೇ ಎಸ್ಎಂಎಸ್ ಹೋಗಬೇಕು. ಹೊಸ ಸಿಮ್ ಕೊಂಡು, ಅವನನ್ನೇ ಶಾಖೆಗೆ ಕರೆದೊಯ್ದು, ಖಾತೆಯ ಸಂಖ್ಯೆಯನ್ನು ಬದಲಾಯಿಸಿದೆವು. ಆ ಸಿಮ್ ಈಗ ಅವನ ಹೆಂಡತಿಯ ಬಳಿ ಕೀಪ್ಯಾಡ್ ಫೋನಿನಲ್ಲಿದೆ. ಅವನ ಫೋನಿನಲ್ಲಿ ಆ ಖಾತೆಯ ಯುಪಿಐ ಹುಟ್ಟುವಂತೆಯೇ ಇಲ್ಲ.

ಚಹಾಕ್ಕೂ ಪೆಟ್ರೋಲಿಗೂ ಹಣ ಬೇಕಲ್ಲ? ಒಬ್ಬರ ಖಾತೆಯಿಂದ ಇನ್ನೊಬ್ಬರು ಪಾವತಿ ಮಾಡಲು ಬಿಡುವ ಭೀಮ್ ಆ್ಯಪಿನ ಯುಪಿಐ ಸರ್ಕಲ್‌ನಲ್ಲಿ ಹೆಂಡತಿಯ ಸ್ವಂತ ಖಾತೆಗೆ ಅವನನ್ನು ಸೇರಿಸಿದೆ. ಅವನು ಸ್ಕ್ಯಾನ್ ಮಾಡುತ್ತಾನೆ, ಅವಳು ತನ್ನ ಪಿನ್ ಹಾಕಿದರೆ ಮಾತ್ರ ಹಣ ಹೋಗುತ್ತದೆ. ಮೊದಮೊದಲು ಪೆಟ್ರೋಲ್ ಬಂಕಿನಲ್ಲಿ ಕಾಯುತ್ತಾ ನಿಂತು ಸಿಡುಕಿದ, ಈಗ ಹೊಂದಿಕೊಂಡಿದ್ದಾನೆ.

ಮನೆಯ ವೈಫೈ ರೂಟರಿಗೂ ಅದೇ ಡಿಎನ್ಎಸ್ ಹಾಕಿ ನೋಡಿದೆ. ಮೊಬೈಲ್ ಡೇಟಾ ಇರುವಾಗ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಕುಂಬಳೆ ಪೇಟೆಯ ಲಾಟರಿ ಚೀಟಿಗೂ ಈ ಬೀಗ ತಾಗದು.

ಒಟ್ಟು ಖರ್ಚು ಸಿಮ್, ರೀಚಾರ್ಜ್ ಸೇರಿ ಮುನ್ನೂರರ ಆಸುಪಾಸು. ಆನ್‌ಲೈನ್ ಆಟಕ್ಕೆ ನನಗೆ ಕಾಣುವಂತೆ ಉಳಿದಿರುವ ಕಂಡಿ ಒಂದೇ: ನಗದು ತೆಗೆದು ಗೆಳೆಯನ ಫೋನಿನಲ್ಲಿ ಆಡುವುದು. ಅದಕ್ಕೆ ಎಟಿಎಂ ಮಿತಿಯನ್ನು ದಿನಕ್ಕೆ ಸಾವಿರಕ್ಕೆ ಇಳಿಸಿದ್ದೇನೆ.