ಚೈನೀಸ್‌ನಲ್ಲಿ ನಾನು ಬರೆದ ರಾಜೀನಾಮೆ ಪತ್ರ

ಶೆನ್‌ಝೆನ್‌ನ ಒಂದು ಕಂಪನಿಯಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದೆ. ಅದೇ ಊರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಎಚ್‌ಆರ್‌ನವರು ಪತ್ರ ಚೈನೀಸ್‌ನಲ್ಲೇ ಇರಬೇಕು ಎಂದರು. ಮಾತಾಡಲು ಬರುತ್ತಿತ್ತು, ಬಗ್ ರಿಪೋರ್ಟ್ ಬರೆಯಲೂ ಬರುತ್ತಿತ್ತು. ಆದರೆ ಬಗ್ ರಿಪೋರ್ಟ್‌ನಲ್ಲಿ ವಿನಯ ಬೇಕಾಗುವುದಿಲ್ಲ, ಅಲ್ವಾ?

ಮೊದಲ ಕರಡನ್ನು ಪಕ್ಕದ ಸೀಟಿನ ಚೀನೀ ಗೆಳತಿಗೆ ತೋರಿಸಿದೆ. ಶೀರ್ಷಿಕೆ ನೋಡಿಯೇ ನಕ್ಕಳು. ನಾನು 辞职 ಎಂದು ಬರೆಯುವ ಬದಲು 辞退 ಎಂದು ಬರೆದಿದ್ದೆ. ಮೊದಲಿನದು ನಾನಾಗಿ ಕೆಲಸ ಬಿಡುವುದು, ಎರಡನೆಯದು ಕಂಪನಿಯೇ ತೆಗೆದುಹಾಕುವುದು. ಒಂದಕ್ಷರದಲ್ಲಿ ನನ್ನನ್ನು ನಾನೇ ಹೊರಗೆ ಹಾಕಿಕೊಂಡಿದ್ದೆ.

ಅದು ಸುಲಭದ ತಪ್ಪು. ಅವಳು ಗಂಭೀರವಾಗಿದ್ದು ಇನ್ನೊಂದು ಪದದ ಬಗ್ಗೆ. ವಿನಯ ಇರಲಿ ಎಂದು ನಾನು 申请 ಬಳಸಿದ್ದೆ, ಅಂದರೆ ಅರ್ಜಿ. ಕೊನೆಗೆ 望批准, ‘ದಯವಿಟ್ಟು ಮಂಜೂರು ಮಾಡಿ’ ಎಂದೂ ಸೇರಿಸಿದ್ದೆ. ನಮ್ಮೂರ ಶಾಲೆಯ ರಜಾ ಅರ್ಜಿಯ ಅಭ್ಯಾಸ, ಇನ್ನೇನು. ಚೀನಾದಲ್ಲೂ ಬಹಳ ಜನ ಹೀಗೇ ಬರೆಯುತ್ತಾರಂತೆ. ಆದರೆ ಅಲ್ಲಿನ ಕಾರ್ಮಿಕ ಒಪ್ಪಂದ ಕಾನೂನಿನ 37ನೇ ವಿಧಿಯಂತೆ ಕೆಲಸಗಾರ 30 ದಿನ ಮೊದಲು ಬರಹದಲ್ಲಿ ತಿಳಿಸಿದರೆ ಸಾಕು, ಯಾರ ಒಪ್ಪಿಗೆಯೂ ಬೇಡ. ಪ್ರೊಬೇಷನ್‌ನಲ್ಲಿದ್ದರೆ 3 ದಿನ. ಅರ್ಜಿ ಎಂದು ಬರೆದರೆ ‘ಇದು ನೋಟಿಸ್ ಅಲ್ಲ, ಮಾತುಕತೆಯಿಂದ ಒಪ್ಪಂದ ಮುಗಿಸೋಣ ಎಂಬ ಕೋರಿಕೆ, ನಾವಿನ್ನೂ ಒಪ್ಪಿಲ್ಲ’ ಎಂದು ಕಂಪನಿ ಎಳೆದಾಡಲು ದಾರಿಯಾಗುತ್ತದೆ. ಹಾಗಾಗಿ 通知, ತಿಳಿಸುವುದು, ಎಂಬ ಪದ ಇರಲೇಬೇಕು. ವಿನಯವನ್ನು ಬೇರೆ ಕಡೆ ತೋರಿಸಬೇಕು.

ಕಡೆಗೆ ಪತ್ರ ಹೀಗಾಯಿತು:

```
尊敬的经理：
　　您好！
　　因个人职业发展原因，我决定辞去软件测试
工程师一职，现提前三十日书面通知公司，最后
工作日为2025年4月2日。
　　三年来承蒙您的指导和同事们的帮助，我受
益良多。离职前，我会认真做好测试用例、缺陷
记录和测试环境的交接，站好最后一班岗。由此
带来的不便，深表歉意。
　　此致
敬礼！
```

ವೃತ್ತಿ ಬೆಳವಣಿಗೆಗಾಗಿ ಟೆಸ್ಟರ್ ಕೆಲಸ ಬಿಡಲು ನಿರ್ಧರಿಸಿದ್ದೇನೆ, 30 ದಿನ ಮೊದಲೇ ಬರಹದಲ್ಲಿ ತಿಳಿಸುತ್ತಿದ್ದೇನೆ, ಕೊನೆಯ ದಿನ ಏಪ್ರಿಲ್ 2 ಎಂದು ಮೊದಲ ಭಾಗ. ಮೂರು ವರ್ಷದ ಸಹಾಯಕ್ಕೆ ಕೃತಜ್ಞತೆ, ಹ್ಯಾಂಡೋವರ್ ಚೆನ್ನಾಗಿ ಮಾಡುತ್ತೇನೆಂಬ ಮಾತು, ತೊಂದರೆಗೆ ಕ್ಷಮೆ ಎರಡನೆಯದು. ಇದರ ಕೆಳಗೆ ಬಲಕ್ಕೆ ಹೆಸರು, ಅದರ ಕೆಳಗೆ 2025ರ ಮಾರ್ಚ್ 3ರ ತಾರೀಖು. ಕೊಟ್ಟ ದಿನ ಬಿಟ್ಟು ಮರುದಿನದಿಂದ ಎಣಿಸಿದರೆ ಏಪ್ರಿಲ್ 2ಕ್ಕೆ ಸರಿಯಾಗಿ 30 ದಿನ. ರಜೆ, ಭಾನುವಾರ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ಪತ್ರದಲ್ಲಿ 您 ಎಂದರೆ ನಮ್ಮ ‘ನೀವು’. 你 ಬರೆದಿದ್ದರೆ ಮ್ಯಾನೇಜರ್‌ಗೆ ‘ನೀನು’ ಎಂದಂತಾಗುತ್ತಿತ್ತು. ಕಾರಣಕ್ಕೆ ‘ವೃತ್ತಿ ಬೆಳವಣಿಗೆ’ ಎಂದಷ್ಟೇ ಹಾಕಿದ್ದೇನೆ. ಹೊಸ ಕಂಪನಿಯ ಹೆಸರಿಲ್ಲ, ಸಂಬಳದ ಮಾತಿಲ್ಲ. ವಿಧಿಯ ಸಂಖ್ಯೆಯನ್ನು ಮೊದಲು ಬರೆದಿದ್ದೆ. ಗೆಳತಿ ಅದನ್ನು ತೆಗೆಸಿದಳು. ಜಗಳವಿಲ್ಲದ ಕಡೆ ಕಾನೂನು ಓದಿ ಹೇಳಿದರೆ ಮುಖ ಮುರಿದಂತಾಗುತ್ತದೆ, 30 ದಿನ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂದಳು. ಸರಿ ಅನ್ನಿಸಿತು.

ನನಗೆ ಇಷ್ಟವಾದದ್ದು 站好最后一班岗. ಕಾವಲುಗಾರ ತನ್ನ ಕಡೆಯ ಪಾಳಿಯನ್ನೂ ಚೆನ್ನಾಗಿ ಮುಗಿಸುವುದು ಎಂದು ಅದರ ಅರ್ಥ. ಕೊನೆಯ ವಂದನೆಯ ಎರಡು ಸಾಲಿಗೂ ಒಂದು ಕ್ರಮವಿದೆ. 此致 ಎರಡಕ್ಷರದಷ್ಟು ಜಾಗ ಬಿಟ್ಟು ಶುರುವಾಗುತ್ತದೆ, 敬礼 ಮುಂದಿನ ಸಾಲಿನಲ್ಲಿ ಎಡ ಅಂಚಿಗೇ ಬರುತ್ತದೆ. ನಾನು ಎರಡನ್ನೂ ನಡುವಿಗೆ ತಂದಿದ್ದೆ. ಯುಐ ಬಗ್ ಹಿಡಿಯುವವನ ಪತ್ರದಲ್ಲೇ ಯುಐ ಬಗ್!

ಪತ್ರ ಕೊಡುವ ಮೊದಲು ಮ್ಯಾನೇಜರ್‌ಗೆ ಬಾಯಿಮಾತಿನಲ್ಲಿ ಹೇಳಿದೆ. ಮೇಲ್‌ನಲ್ಲಿ ಮೊದಲ ಸಲ ಓದಿ ತಿಳಿಯುವಂತಾದರೆ ಅವರಿಗೆ ಬೇಜಾರಾಗುತ್ತದೆ. ಆಮೇಲೆ ಎರಡು ಪ್ರತಿ ಒಯ್ದು, ಒಂದರ ಮೇಲೆ ಎಚ್‌ಆರ್‌ನಿಂದ ಸಹಿ, ತಾರೀಖು ಹಾಕಿಸಿಕೊಂಡೆ. ಮೇಲ್ ಕೂಡ ಕಳಿಸಿದೆ. ಒಂದು ವಾರದ ನಂತರ ಎಚ್‌ಆರ್ ‘ಏಪ್ರಿಲ್ 20ಕ್ಕೆ ರಿಲೀಸ್ ಇದೆ, ಆಮೇಲೆ ಮಂಜೂರು ಮಾಡೋಣ’ ಎಂದರು. ನಾನು ಸಹಿಯಾದ ಪ್ರತಿಯ ತಾರೀಖು ತೋರಿಸಿ, ‘ಏಪ್ರಿಲ್ 2ರವರೆಗೆ ಪೂರ್ತಿ ಇರುತ್ತೇನೆ, ಆಮೇಲೂ ಸಂದೇಹ ಬಂದರೆ ಫೋನ್ ಮಾಡಿ’ ಎಂದೆ. ಮಾತು ಅಲ್ಲಿಗೇ ನಿಂತಿತು. 申请 ಎಂದೇ ಬಿಟ್ಟಿದ್ದರೆ ಆ ವಾರ ನನಗೆ ನಿದ್ದೆ ಬರುತ್ತಿರಲಿಲ್ಲ.

ಉಳಿದ ದಿನ ಹ್ಯಾಂಡೋವರ್. ಬಗ್‌ಗಳ ಲೆಕ್ಕ ಇಡುವ ಝೆನ್‌ಟಾವೋ ಸಾಫ್ಟ್‌ವೇರ್‌ನಲ್ಲಿ ನನ್ನ ಹೆಸರಲ್ಲಿ ತೆರೆದಿದ್ದ 17 ಬಗ್‌ಗಳ ಮುಂದೆ, ಮರುಪರೀಕ್ಷೆ ಎಲ್ಲಿಗೆ ಬಂದಿದೆ ಎಂದು ಒಂದೊಂದು ಸಾಲು ಬರೆದೆ. ಟೆಸ್ಟ್ ಸರ್ವರ್‌ನ ಅಕೌಂಟ್‌ಗಳನ್ನು ಹೊಸಬರಿಗೆ ವರ್ಗಾಯಿಸಿ, ಅವರು ಲಾಗಿನ್ ಆಗುವುದನ್ನು ಪಕ್ಕದಲ್ಲೇ ನಿಂತು ನೋಡಿದೆ.

ವಿದೇಶಿಯರಿಗೆ ಪತ್ರದ ಜೊತೆ ಇನ್ನೊಂದು ಚಿಂತೆಯೂ ಇರುತ್ತದೆ. 离职证明, ಅಂದರೆ ಕೆಲಸ ಬಿಟ್ಟ ಪ್ರಮಾಣಪತ್ರ, ಮತ್ತು ಹಳೆಯ ವರ್ಕ್ ಪರ್ಮಿಟ್ ರದ್ದಾದ ಕಾಗದ ಕೈಗೆ ಬಾರದಿದ್ದರೆ ಹೊಸ ಕಂಪನಿಯ ಕೆಲಸ ಮುಂದೆ ಹೋಗುವುದಿಲ್ಲ. ಕಾನೂನಿನಂತೆ ಪ್ರಮಾಣಪತ್ರವನ್ನು ಒಪ್ಪಂದ ಮುಗಿಯುವಾಗಲೇ ಕೊಡಬೇಕು. ನನ್ನದು ಏಪ್ರಿಲ್ 2ರ ಸಂಜೆ ಸಿಕ್ಕಿತು. ಎಚ್‌ಆರ್ ಮೇಜಿನ ಮುಂದೆ ನಿಂತೇ ತಾರೀಖು ಓದಿ, ಪತ್ರದಲ್ಲಿದ್ದ ದಿನವೇ ಇದೆ ಎಂದು ನೋಡಿಕೊಂಡು ಬ್ಯಾಗಿಗೆ ಹಾಕಿದೆ.