ಸಾರಿನ ಅರಿಶಿನ ಬೇರೆ, ಕ್ಯಾಪ್ಸೂಲ್‌ನ ಅರಿಶಿನ ಬೇರೆ

ಮಂಡಿನೋವಿಗೆ ಅರಿಶಿನದ ಕ್ಯಾಪ್ಸೂಲ್, ಒಳ್ಳೆ ನಿದ್ದೆ ಬರಲಿ ಎಂದು ಅಶ್ವಗಂಧ. ಎಷ್ಟೋ ಮನೆಗಳಲ್ಲಿ ಇವು ಔಷಧಿಯ ಲೆಕ್ಕಕ್ಕೇ ಬರುವುದಿಲ್ಲ. 'ಬೇರೆ ಏನಾದರೂ ತಗೋತೀರಾ?' ಎಂದು ಡಾಕ್ಟರ್ ಕೇಳಿದರೂ ಬಾಯಿಗೆ ಬರುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ಅಥವಾ ಶುಗರ್ ಮಾತ್ರೆ ನುಂಗುವವರಿಗೆ ತೊಂದರೆ ಶುರುವಾಗುವುದೇ ಇಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 62 ವರ್ಷದ ಒಬ್ಬ ಹೆಂಗಸು. ಹೃದಯದಲ್ಲಿ ಲೋಹದ ಕವಾಟವಿದೆ. ಅದಕ್ಕೆ ದಿನಾ ರಕ್ತ ತೆಳು ಮಾಡುವ ಅಸಿಟ್ರಾಂ ಮಾತ್ರೆ, ಶುಗರ್‌ಗೆ ಗ್ಲಿಮೆಪಿರೈಡ್ ಇರುವ ಮಾತ್ರೆ. ಈಗ ಮಗಳು ಅರಿಶಿನದ ಕ್ಯಾಪ್ಸೂಲ್ ತಂದಿದ್ದಾಳೆ.

ಮೊದಲು ಡಬ್ಬಿಯ ಹಿಂಭಾಗ ಓದಿ. '500 ಮಿಲಿಗ್ರಾಂ, 95% ಕರ್ಕ್ಯುಮಿನಾಯ್ಡ್' ಎಂದಿದ್ದರೆ ಒಂದು ಕ್ಯಾಪ್ಸೂಲ್‌ನಲ್ಲಿ 475 ಮಿಲಿಗ್ರಾಂ ಸಾರವಿದೆ. ಅಡುಗೆಮನೆಯ ಅರಿಶಿನ ಪುಡಿಯಲ್ಲಿ ಇದು ನೂರಕ್ಕೆ ಮೂರು ಪಾಲಿನಷ್ಟು ಮಾತ್ರ. ಅಂದರೆ ಒಂದು ಕ್ಯಾಪ್ಸೂಲ್ ಎಂದರೆ ಸುಮಾರು 16 ಗ್ರಾಂ, ಐದು ಟೀ ಚಮಚ ಪುಡಿ. ಬೆಳಿಗ್ಗೆ ಒಂದು, ರಾತ್ರಿ ಒಂದು ಅಂದರೆ ಹತ್ತು ಚಮಚ. ಇಷ್ಟು ಅರಿಶಿನ ಯಾರೂ ಸಾರಿಗೆ ಹಾಕುವುದಿಲ್ಲ ಅಲ್ವಾ? ಆದ್ದರಿಂದ ಅಡುಗೆಯ ಅರಿಶಿನ ಬಿಡಬೇಕಿಲ್ಲ, ಅದು ಎಂದಿನಂತೆ ಇರಲಿ.

ಪಟ್ಟಿಯಲ್ಲಿ 'ಪೈಪರಿನ್' ಇದೆಯೇ ಎಂದೂ ನೋಡಿ. ಅದು ಕಾಳುಮೆಣಸಿನ ಸಾರ. ಬರೀ ಅರಿಶಿನದ ಸಾರ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20 ಮಿಲಿಗ್ರಾಂ ಪೈಪರಿನ್ ಜೊತೆಗೆ ಕೊಟ್ಟಾಗ ಅದು ಸುಮಾರು 20 ಪಟ್ಟು ಹೆಚ್ಚಿತು. ಕಂಪನಿಗಳು ಮೆಣಸು ಸೇರಿಸುವುದು ಇದಕ್ಕೇ. ಆದರೆ ಔಷಧಿಗಳನ್ನು ಕರಗಿಸಿ ಹೊರಹಾಕುವ ಯಕೃತ್ತು ಮತ್ತು ಕರುಳಿನ ಕೆಲಸವನ್ನೂ ಪೈಪರಿನ್ ನಿಧಾನ ಮಾಡುತ್ತದೆ. ಆಗ ಬೇರೆ ಮಾತ್ರೆಗಳೂ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯಬಹುದು.

ಮುಂದಿನದು ಐಎನ್‌ಆರ್. ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಮಾಡುತ್ತಿದೆ ಎಂದು ಹೇಳುವ ಪರೀಕ್ಷೆ ಇದು. ಮಿಟ್ರಲ್ ಜಾಗದಲ್ಲಿ ಲೋಹದ ಕವಾಟವಿದ್ದವರಿಗೆ ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ ಇರಬೇಕು. ನ್ಯೂಜಿಲೆಂಡ್‌ನಲ್ಲಿ ಅಸಿಟ್ರಾಂ ಜಾತಿಯದೇ ಆದ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ ಒಬ್ಬರು ಅರಿಶಿನದ ಉತ್ಪನ್ನ ಶುರು ಮಾಡಿದ ಕೆಲವೇ ವಾರಗಳಲ್ಲಿ ಅವರ ಐಎನ್‌ಆರ್ 10 ದಾಟಿತ್ತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಎಲ್ಲರಿಗೂ ಹೀಗಾಗುವುದಿಲ್ಲ, ಯಾರಿಗೆ ಆಗುತ್ತದೆಂದು ಮೊದಲೇ ಹೇಳಲೂ ಆಗದು. ಹಾಗಾಗಿ ನಮ್ಮ ಉದಾಹರಣೆಯ ಹೆಂಗಸಿಗೆ ನನ್ನ ಮಾತು ಇಷ್ಟೇ: ಕ್ಯಾಪ್ಸೂಲ್ ಬೇಡ.

ಆಗಲೇ ನುಂಗಲು ಶುರು ಮಾಡಿದ್ದರೆ? ಅಸಿಟ್ರಾಂ ಅನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಡಾಕ್ಟರಿಗೆ ಫೋನ್ ಮಾಡಿ, ಅದೇ ದಿನ ಐಎನ್‌ಆರ್ ಮಾಡಿಸಬೇಕು. ಮಾತ್ರೆ ಎಷ್ಟು ಎಂದು ಅವರೇ ಹೇಳಲಿ. ಕ್ಯಾಪ್ಸೂಲ್ ಬಿಟ್ಟ ಮೇಲೆ ಐಎನ್‌ಆರ್ ಇಳಿಯಬಹುದು, ಆದ್ದರಿಂದ ಸುಮಾರು ಒಂದು ವಾರಕ್ಕೆ ಮತ್ತೆ ನೋಡಿಸಿ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ಆ ದಿನವೇ ತಿಳಿಸಿ. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ ನೇರ ಆಸ್ಪತ್ರೆಗೆ.

ರಕ್ತ ತೆಳು ಮಾಡುವ ಅಪಿಕ್ಸಬಾನ್, ರಿವರಾಕ್ಸಬಾನ್‌ನಂಥ ಹೊಸ ಮಾತ್ರೆಗಳಾದರೆ ಐಎನ್‌ಆರ್ ನೋಡಿ ಸುಮ್ನೆ ಸಮಾಧಾನ ಪಡುವ ಹಾಗಿಲ್ಲ. ಅವುಗಳ ಪರಿಣಾಮ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ.

ಇನ್ನು ಶುಗರ್. ಅಶ್ವಗಂಧ ಕೆಲವರಲ್ಲಿ ಸಕ್ಕರೆ ಇಳಿಸುತ್ತದೆ. ಮಧುನಾಶಿನಿ, ಮೆಂತ್ಯೆಯ ಕ್ಯಾಪ್ಸೂಲ್‌ಗಳೂ ಅಷ್ಟೇ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ತೀರಾ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಇದ್ದರೆ ಹುಷಾರಾಗಿರಬೇಕು. ಡಾಕ್ಟರ್ ಒಪ್ಪಿ ಅಶ್ವಗಂಧ ಶುರು ಮಾಡಿದರೂ ಮೊದಲ ಎರಡು ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ರಾತ್ರಿ ಊಟಕ್ಕೆ ಮುಂಚೆ ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಡಿ. ಕೈ ನಡುಕ, ತಣ್ಣನೆ ಬೆವರು, ತಲೆಸುತ್ತು ಬಂದು ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಮಾತ್ರೆಯಲ್ಲಿ ವೋಗ್ಲಿಬೋಸ್ ಕೂಡ ಇದ್ದರೆ ಸಕ್ಕರೆ ಬದಲು ಗ್ಲೂಕೋಸ್ ಪುಡಿಯೇ ಬೇಕು. ಆ ಮಾತ್ರೆ ಸಕ್ಕರೆ ಒಡೆದು ರಕ್ತಕ್ಕೆ ಸೇರುವುದನ್ನೇ ತಡೆಯುತ್ತದೆ.

ಹಲ್ಲು ಕೀಳಿಸುವುದಿರಲಿ, ಆಪರೇಷನ್ ಇರಲಿ, ಡಬ್ಬಿಯ ಫೋಟೋ ತೆಗೆದು ಮುಂಚೆಯೇ ಡಾಕ್ಟರಿಗೆ ತೋರಿಸಿ. ಇಂಥ ಕ್ಯಾಪ್ಸೂಲ್‌ಗಳನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ.